ಬೇಸ್‌ಮೆಂಟಿನಲ್ಲಿ ರಾತ್ರಿ 10.37

ಎರಡು ವರ್ಷ ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿದ್ದೆ. ಬೆಂಗಳೂರಿನಲ್ಲಿ ಅದು ಸಂಬಳವಿಲ್ಲದ, ಬೈಗುಳ ಮಾತ್ರ ತಪ್ಪದ ಕೆಲಸ. ನೀರಿನ ಟ್ಯಾಂಕರ್, ಲಿಫ್ಟು, ನಾಯಿ ಇವು ಬಿಟ್ಟರೆ ಹೆಚ್ಚು ಬರುತ್ತಿದ್ದ ದೂರು ಪಾರ್ಕಿಂಗಿನದು. ಅದು ಬರುತ್ತಿದ್ದ ರೀತಿಯೂ ಹೆಚ್ಚುಕಮ್ಮಿ ಒಂದೇ. ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ, ಕೆಳಗೆ ‘ಯಾರೋ ಗುದ್ದಿ ಹೋಗಿದ್ದಾರೆ, ದಯವಿಟ್ಟು ಸಿಸಿಟಿವಿ ಚೆಕ್ ಮಾಡಿ’. ಅದರ ಬೆನ್ನಿಗೇ ಹತ್ತು ಜನ ‘ತುಂಬಾ ಅನ್ಯಾಯ’ ಎನ್ನುತ್ತಾರೆ, ಇಬ್ಬರು ಸೆಕ್ಯುರಿಟಿ ಏಜೆನ್ಸಿಯನ್ನು ಬದಲಿಸಬೇಕು ಎನ್ನುತ್ತಾರೆ, ಒಬ್ಬರು ಮೇಂಟೆನೆನ್ಸ್ ಕಟ್ಟುವುದಿಲ್ಲ ಎನ್ನುತ್ತಾರೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಿಂತಿದ್ದ ಗಾಡಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಎರಡು ವಾರ ಕಳೆದು, ವಿಮೆಯವರು ಕೇಳಿದರೆಂದು ಅವರೇ ಬರವಣಿಗೆಯಲ್ಲಿ ಅರ್ಜಿ ತರುವ ಹೊತ್ತಿಗೆ ಕೊಡಲು ನಮ್ಮ ಬಳಿ ಏನೂ ಉಳಿದಿರುವುದಿಲ್ಲ.

ಒಂದೇ ಒಂದು ಸಲ ಸರಿಯಾದ ಅರ್ಜಿ ಬಂತು. ಕೊಟ್ಟವರು ಮೂರನೇ ಮಹಡಿಯ ಒಬ್ಬ ಮೇಡಂ. ಭಾನುವಾರ ಬೆಳಿಗ್ಗೆ ಹಾನಿ ನೋಡಿದವರು ಹನ್ನೊಂದು ಗಂಟೆಗೆಲ್ಲ ಕೈಬರಹದ ಎರಡು ಪ್ರತಿ ಹಿಡಿದು ನಮ್ಮ ಬಾಗಿಲು ತಟ್ಟಿದರು. ಒಂದು ನನಗೆ, ಇನ್ನೊಂದರ ಮೇಲೆ ‘ಸ್ವೀಕರಿಸಿದೆ’ ಎಂದು ಸಮಯ ಹಾಕಿ ಸಹಿ ಮಾಡಿಸಿಕೊಳ್ಳಲು. ಹೆಸರು, ಗಾಡಿ ನಂಬರು ತೆಗೆದು ಅದನ್ನು ಇಲ್ಲಿ ಕೊಡುತ್ತಿದ್ದೇನೆ.

ದಿನಾಂಕ: 09-11-2025

ಇವರಿಗೆ,
ಕಾರ್ಯದರ್ಶಿಗಳು, ಅಪಾರ್ಟ್‌ಮೆಂಟ್ ಮಾಲೀಕರ ಸಂಘ

ಇವರಿಂದ,
ಫ್ಲಾಟ್ 304ರ ಮಾಲೀಕರು

ವಿಷಯ: 08-11-2025ರ ರಾತ್ರಿ ಬೇಸ್‌ಮೆಂಟ್ 2ರಲ್ಲಿ ನನ್ನ ಕಾರಿಗೆ ಆದ ಹಾನಿಯ ಬಗ್ಗೆ ಸಿಸಿಟಿವಿ ದೃಶ್ಯಾವಳಿಯನ್ನು ಉಳಿಸಿಡಲು ಮತ್ತು ಒದಗಿಸಲು ಮನವಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರುವುದೇನೆಂದರೆ, ಶನಿವಾರ 08-11-2025ರಂದು ರಾತ್ರಿ 7.40ಕ್ಕೆ ನನ್ನ ಬಿಳಿ ಕಾರನ್ನು ಬೇಸ್‌ಮೆಂಟ್ 2ರಲ್ಲಿ ನನಗೆ ಸೇರಿದ 47ನೇ ಜಾಗದಲ್ಲಿ ನಿಲ್ಲಿಸಿದ್ದೆ. ಅದೇ ರಾತ್ರಿ 9.50ಕ್ಕೆ ಒಳಗಿದ್ದ ಚೀಲ ತೆಗೆದುಕೊಳ್ಳಲು ಎಡಗಡೆಯ ಹಿಂಬಾಗಿಲನ್ನು ತೆರೆದಿದ್ದೆ. ಆಗ ಯಾವ ಪೆಟ್ಟೂ ಇರಲಿಲ್ಲ. ಭಾನುವಾರ 09-11-2025ರಂದು ಬೆಳಿಗ್ಗೆ 8.15ಕ್ಕೆ ನೋಡಿದಾಗ ಅದೇ ಬಾಗಿಲು ಒಳಕ್ಕೆ ತಗ್ಗಾಗಿ, ಅದರ ಮೇಲೆ ನೀಲಿ ಬಣ್ಣ ಅಂಟಿತ್ತು. ತಗ್ಗು ನೆಲದಿಂದ 52 ಸೆಂ.ಮೀ. ಎತ್ತರದಲ್ಲಿದೆ.

ಆದ್ದರಿಂದ ಶನಿವಾರ ರಾತ್ರಿ 9.50ರಿಂದ ಭಾನುವಾರ ಬೆಳಿಗ್ಗೆ 8.15ರವರೆಗೆ, 47ನೇ ಜಾಗ ಕಾಣುವ ಕ್ಯಾಮೆರಾ, ರ‍್ಯಾಂಪಿನ ಕ್ಯಾಮೆರಾ ಮತ್ತು ಮುಖ್ಯ ಗೇಟಿನ ಕ್ಯಾಮೆರಾಗಳ ದೃಶ್ಯಾವಳಿ ಅಳಿಸಿಹೋಗದಂತೆ ಇಂದೇ ಬೇರೆಯಾಗಿ ಉಳಿಸಿಡಬೇಕೆಂದೂ, ಸಂಘದ ಪ್ರತಿನಿಧಿಯ ಎದುರಿನಲ್ಲಿ ಅದನ್ನು ನೋಡಲು ನನಗೆ ಅವಕಾಶ ಕೊಡಬೇಕೆಂದೂ, ಘಟನೆ ಕಂಡುಬಂದ ಭಾಗದ ಪ್ರತಿಯನ್ನು ಒದಗಿಸಬೇಕೆಂದೂ ಕೋರುತ್ತೇನೆ. ಹಾನಿ ಮಾಡಿದವರಿಂದ ದುರಸ್ತಿ ವೆಚ್ಚ ಪಡೆಯಲು, ಅಗತ್ಯವಾದರೆ ವಿಮಾ ಕಂಪನಿಗೂ ಪೊಲೀಸರಿಗೂ ಕೊಡಲು ಮಾತ್ರ ಇದನ್ನು ಬಳಸುತ್ತೇನೆ. ಯಾವ ಗುಂಪಿನಲ್ಲೂ ಹಂಚುವುದಿಲ್ಲ. ಪ್ರತಿ ಕೊಡಲು ಆಗದಿದ್ದಲ್ಲಿ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ, ಪೊಲೀಸರು ಕೇಳುವವರೆಗೆ ದೃಶ್ಯಾವಳಿಯನ್ನು ಉಳಿಸಿಡಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ
(ಸಹಿ)

ಲಗತ್ತು: ಫೋಟೊ 4, ಆರ್‌ಸಿ ಪ್ರತಿ 1

ಈ ಅರ್ಜಿ ಮೊದಲು ಕೇಳಿರುವುದು ಪ್ರತಿಯನ್ನಲ್ಲ, ‘ಅಳಿಸಬೇಡಿ’ ಎಂದು. ನನ್ನ ಲೆಕ್ಕದಲ್ಲಿ ಇಡೀ ಕಾಗದದ ಜೀವ ಇರುವುದು ಅಲ್ಲೇ. ಸಿಸಿಟಿವಿ ಇದೆ ಎಂದರೆ ಎಲ್ಲವೂ ಎಲ್ಲೋ ಭದ್ರವಾಗಿ ಕೂತಿದೆ ಎಂದು ಹೆಚ್ಚಿನವರ ನಂಬಿಕೆ. ನಮ್ಮಲ್ಲಿ ಅದು ಕೂತಿದ್ದುದು ಸೆಕ್ಯುರಿಟಿ ಕೋಣೆಯ ಮೂಲೆಯಲ್ಲಿ, ಛತ್ರಿ ಮತ್ತು ಟಿಫಿನ್ ಕ್ಯಾರಿಯರ್ ನಡುವೆ, ಡಿವಿಆರ್ ಎಂಬ ಪೆಟ್ಟಿಗೆಯಲ್ಲಿ. ಅದರೊಳಗೆ 4 ಟಿಬಿಯ ಒಂದು ಹಾರ್ಡ್‌ಡಿಸ್ಕ್. ಕ್ಯಾಮೆರಾಗಳು 16. ಒಂದೊಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಎಂದರೆ ಗಂಟೆಗೆ 900 ಎಂಬಿ, ದಿನಕ್ಕೆ 21 ಜಿಬಿಗಿಂತ ಸ್ವಲ್ಪ ಹೆಚ್ಚು. ಹದಿನಾರೂ ಸೇರಿದರೆ ದಿನಕ್ಕೆ 345 ಜಿಬಿ ಹತ್ತಿರ. ಡಿಸ್ಕ್ ತುಂಬಲು ಹನ್ನೊಂದೂವರೆ ದಿನ ಸಾಕು. ತುಂಬಿದ ಮೇಲೆ ಪೆಟ್ಟಿಗೆ ನಿಲ್ಲುವುದಿಲ್ಲ, ಯಾರನ್ನೂ ಕೇಳುವುದೂ ಇಲ್ಲ. ಎಲ್ಲಕ್ಕಿಂತ ಹಳೆಯ ದಿನದ ಮೇಲೆ ಇವತ್ತಿನದನ್ನು ಬರೆಯುತ್ತಾ ಹೋಗುತ್ತದೆ. ಹಾಗಾಗಿ ಆ ಶನಿವಾರದ ರಾತ್ರಿಗೆ ನವೆಂಬರ್ 20ರವರೆಗೆ ಮಾತ್ರ ಆಯುಸ್ಸು. 2 ಟಿಬಿ ಡಿಸ್ಕ್ ಹಾಕಿರುವ ಕಡೆ ಅದು ಆರು ದಿನವೂ ಇರುವುದಿಲ್ಲ. ಏನಾದರೂ ಅಲುಗಾಡಿದಾಗ ಮಾತ್ರ ಬರೆಯುವಂತೆ ಹೊಂದಿಸಿದ್ದರೆ ಇನ್ನಷ್ಟು ದಿನ ಸಿಗುತ್ತದೆ, ಆದರೆ ಮಂದ ಬೆಳಕಿನ ಬೇಸ್‌ಮೆಂಟಿನಲ್ಲಿ ಆ ವ್ಯವಸ್ಥೆ ಕೆಲವು ಸಲ ಬೇಕಾದದ್ದನ್ನೇ ಬಿಟ್ಟುಬಿಡುತ್ತದೆ.

ಇನ್ನು ಸಮಯ. ‘ಶನಿವಾರ ರಾತ್ರಿ’ ಎಂದಷ್ಟೇ ಬರೆದಿದ್ದರೆ ಯಾರೋ ಒಬ್ಬರು ಹನ್ನೆರಡು ಗಂಟೆಯ ದೃಶ್ಯದ ಮುಂದೆ ಕೂರಬೇಕಿತ್ತು, ಅಂದರೆ ಯಾರೂ ಕೂರುತ್ತಿರಲಿಲ್ಲ. ಮೇಡಂ ಎರಡು ಗಡಿ ಹಾಕಿದರು: ಗಾಡಿ ಸರಿಯಿದ್ದುದನ್ನು ಕೊನೆಯ ಸಲ ಕಂಡ ಹೊತ್ತು, ಹಾಳಾಗಿದ್ದುದನ್ನು ಮೊದಲ ಸಲ ಕಂಡ ಹೊತ್ತು. ಮೊದಲು ಅವರು ಬರೆಯಲು ಹೊರಟಿದ್ದು ಗಾಡಿ ನಿಲ್ಲಿಸಿದ 7.40ನ್ನೇ. ಬರೆಯುತ್ತಾ ಕೂತಾಗ ಚೀಲದ ನೆನಪಾಗಿದೆ. ಆ ಚೀಲದಿಂದ ಎರಡು ಗಂಟೆ ಹತ್ತು ನಿಮಿಷ ಉಳಿಯಿತು. ಇಂಥ ಗುರುತು ಎಲ್ಲರಲ್ಲೂ ಒಂದಿಲ್ಲೊಂದು ಇರುತ್ತದೆ: ಯುಪಿಐ ಪಾವತಿ, ಫಾಸ್ಟ್ಯಾಗ್ ಸಂದೇಶ, ಮೇಲೆ ಹೋಗುತ್ತಾ ಮಾಡಿದ ಫೋನು.

ತಗ್ಗಿನ ಎತ್ತರವನ್ನು ಟೇಪು ಹಿಡಿದು ಅಳೆದದ್ದೂ ಸುಮ್ಮನೆ ಅಲ್ಲ. ಅರ್ಧ ಮೀಟರಿನ ಆಸುಪಾಸಿನ ಪೆಟ್ಟು ಕಾರಿನ ಬಂಪರಿನದಾಗಿರುವ ಸಾಧ್ಯತೆ ಹೆಚ್ಚು. ಸ್ಕೂಟರಿನ ಹ್ಯಾಂಡಲ್ ತಗುಲಿದ್ದರೆ ಗೀರು ಅದಕ್ಕಿಂತ ಬಹಳ ಮೇಲೆ ಇರುತ್ತದೆ. ಜೊತೆಗೆ ನೀಲಿ ಬಣ್ಣ. ಹುಡುಕಬೇಕಾದದ್ದು ಒಂದು ನೀಲಿ ಕಾರನ್ನು ಎಂದು ಸ್ಕ್ರೀನ್ ಹಚ್ಚುವ ಮೊದಲೇ ಗೊತ್ತಾಯಿತು. ಒರೆಸುವ ಮುಂಚೆ ಫೋಟೊ ತೆಗೆದಿದ್ದರಿಂದ ಆ ಬಣ್ಣ ಉಳಿದಿತ್ತು. ಅರ್ಜಿ ಕೊಡುವ ಮೊದಲೇ ಗಾಡಿ ತೊಳೆಸುವವರನ್ನು ಕಂಡಿದ್ದೇನೆ.

ಸಂಜೆ ನಾಲ್ಕಕ್ಕೆ ಸೆಕ್ಯುರಿಟಿ ಕೋಣೆಯಲ್ಲಿ ಕೂತೆವು: ಮೇಡಂ, ನಾನು, ಕ್ಯಾಮೆರಾ ನೋಡಿಕೊಳ್ಳುವ ಸೂಪರ್‌ವೈಸರ್. ಅವನು ಮೌಸ್ ಹಿಡಿದ ಕೂಡಲೇ ಮೇಡಂ, ‘ತಾಳಪ್ಪ, ಮೊದಲು ಅದರ ಟೈಮ್ ಎಷ್ಟಿದೆ ನೋಡೋಣ’ ಎಂದರು. ನನ್ನ ಮೊಬೈಲಿನಲ್ಲಿ 4.06. ಸ್ಕ್ರೀನಿನ ಮೂಲೆಯಲ್ಲಿ 4.23. ಪೆಟ್ಟಿಗೆ ಹದಿನೇಳು ನಿಮಿಷ ಮುಂದಿತ್ತು. ಮೊಬೈಲನ್ನು ಸ್ಕ್ರೀನಿನ ಪಕ್ಕ ಹಿಡಿದು ಎರಡೂ ಗಡಿಯಾರ ಒಟ್ಟಿಗೆ ಬೀಳುವಂತೆ ಫೋಟೊ ತೆಗೆದೆವು. ಡಿವಿಆರ್ ಇಂಟರ್‌ನೆಟ್ಟಿಗೆ ಸೇರಿರದಿದ್ದರೆ ಅದರ ಗಡಿಯಾರವನ್ನು ಸರಿಪಡಿಸುವವರು ಯಾರೂ ಇರುವುದಿಲ್ಲ. ತಿಂಗಳಿಗೆ ಒಂದಷ್ಟು ಸೆಕೆಂಡು ಜಾರುತ್ತಾ ವರ್ಷಗಟ್ಟಲೆ ಹೋಗುತ್ತದೆ. ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರಂತೂ ಕರೆಂಟ್ ಹೋಗಿ ಬಂದ ಮೇಲೆ ತಾರೀಖೇ ಹಿಂದಕ್ಕೆ ಹೋಗಿರುತ್ತದೆ. ಆಗ ‘ಆ ದಿನದ ರೆಕಾರ್ಡಿಂಗೇ ಇಲ್ಲ ಸಾರ್’ ಎಂಬ ಉತ್ತರ ಬರುತ್ತದೆ, ದೃಶ್ಯ ಮಾತ್ರ ಬೇರೆ ತಾರೀಖಿನ ಕೆಳಗೆ ತಣ್ಣಗೆ ಕೂತಿರುತ್ತದೆ.

ಹೀಗಾಗಿ ನಾವು ಹುಡುಕಬೇಕಾದ ಹೊತ್ತು ಪೆಟ್ಟಿಗೆಯ ಲೆಕ್ಕದಲ್ಲಿ ರಾತ್ರಿ 10.07ರಿಂದ ಬೆಳಿಗ್ಗೆ 8.32. ಕಂಬದ ಮೇಲಿನ ಕ್ಯಾಮೆರಾಕ್ಕೆ ಬಾಗಿಲಿನ ತಗ್ಗು ಕಾಣುವಂತಿರಲಿಲ್ಲ. ಕಾರಿನ ಹಿಂಭಾಗ ಮತ್ತು ಅಕ್ಕಪಕ್ಕದ ಜಾಗಗಳಷ್ಟೇ ಕಾಣುತ್ತಿದ್ದವು. ಅಷ್ಟೇ ಸಾಕಾಯಿತು. ಮೊದಲ ಚಿತ್ರದಲ್ಲಿ ಎಡಪಕ್ಕದ 48ನೇ ಜಾಗದಲ್ಲಿ ಒಂದು ನೀಲಿ ಕಾರು. ಕೊನೆಯ ಚಿತ್ರದಲ್ಲಿ 48 ಖಾಲಿ. ಆ ಜಾಗದ ಮಾಲೀಕರು ಊರಿಗೆ ಹೋಗಿ ವಾರವಾಗಿತ್ತು.

ಸೂಪರ್‌ವೈಸರ್ ಹತ್ತು ಗಂಟೆಯ ದೃಶ್ಯವನ್ನು ಓಡಿಸಿ ನೋಡಲು ಸಿದ್ಧನಾಗಿದ್ದ. ಅದು ಬೇಕಾಗಿರಲಿಲ್ಲ. ನಡುವಿನ 3.20ಕ್ಕೆ ಹಾರಿದೆವು: ಖಾಲಿ. ಅಂದರೆ ಅದಕ್ಕೂ ಮುಂಚೆಯೇ ಹೋಗಿದೆ. ಉಳಿದರ್ಧದ ನಡುವೆ, 12.43: ಖಾಲಿ. 11.25: ಖಾಲಿ. 10.46: ಕಾರು ಇದೆ. 11.05: ಖಾಲಿ. ಐದು ಸಲ ನೋಡುವಷ್ಟರಲ್ಲಿ ಹತ್ತು ಗಂಟೆ ಹೋಗಿ ಹತ್ತೊಂಬತ್ತು ನಿಮಿಷ ಉಳಿಯಿತು. ಅದನ್ನು ಮಾತ್ರ ಪೂರ್ತಿ ನೋಡಿದೆವು.

10.54ಕ್ಕೆ ನೀಲಿ ಕಾರಿನ ದೀಪ ಹತ್ತಿತು. ರಿವರ್ಸ್ ತೆಗೆಯುತ್ತಾ ಅರ್ಧ ಕಾರು ಹೊರಬರುವ ಮೊದಲೇ ಚಾಲಕ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ. ಹಿಂಭಾಗ ಎಡಕ್ಕೆ ಹೊರಳಿದರೆ ಮುಂಭಾಗ ಬಲಕ್ಕೆ ಬೀಸಲೇಬೇಕು. ಬಲಮೂಲೆಯ ಬಂಪರ್ ಬಿಳಿ ಕಾರಿನ ಹಿಂಬಾಗಿಲಿಗೆ ಹೋಗಿ ಕೂತಿತು. ಶಬ್ದವಿಲ್ಲದ ದೃಶ್ಯವಾದ್ದರಿಂದ ಗುದ್ದಿದ್ದು ಮೊದಲ ಸಲ ಕಾಣಲೇ ಇಲ್ಲ. ಎರಡನೇ ಸಲ ನಿಧಾನವಾಗಿ ಓಡಿಸಿದಾಗ ಕಂಡಿದ್ದು ಬಿಳಿ ಕಾರು ಒಂದು ಸಲ ಮೆಲ್ಲಗೆ ತೂಗಿದ್ದು. ನಿಂತಿರುವ ಗಾಡಿ ತಾನಾಗಿ ತೂಗುವುದಿಲ್ಲ; ಇಂಥ ದೃಶ್ಯದಲ್ಲಿ ಹುಡುಕಬೇಕಾದದ್ದು ಅದನ್ನೇ. ನೀಲಿ ಕಾರು ನಾಲ್ಕು ಸೆಕೆಂಡು ನಿಂತು, ಮುಂದಕ್ಕೆ ಬಂದು, ಸರಿಮಾಡಿಕೊಂಡು ಹೋಯಿತು. ಯಾರೂ ಇಳಿಯಲಿಲ್ಲ.

ನಂಬರ್ ಪ್ಲೇಟ್? ಬರೀ ಬಿಳಿ ಪಟ್ಟಿ. ಕತ್ತಲಲ್ಲಿ ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕನ್ನು ಹೊಳೆಯುವ ಪ್ಲೇಟು ಹಾಗೇ ಹಿಂದಕ್ಕೆ ಎಸೆಯುತ್ತದೆ, ಅಕ್ಷರ ಮುಳುಗಿಹೋಗುತ್ತದೆ. ಅರ್ಜಿಯಲ್ಲಿ ಮೂರು ಕ್ಯಾಮೆರಾ ಕೇಳಿದ್ದು ಇದಕ್ಕೇ. ಒಂದೇ ಪೆಟ್ಟಿಗೆಯಾದ್ದರಿಂದ ಮೂರಕ್ಕೂ ಗಡಿಯಾರ ಒಂದೇ. 10.55ಕ್ಕೆ ರ‍್ಯಾಂಪಿನಲ್ಲಿ ಅದೇ ಕಾರು, 10.57ಕ್ಕೆ ಗೇಟಿನಲ್ಲಿ ಅದೇ ಕಾರು. ಅಲ್ಲೂ ಪ್ಲೇಟು ಓದಲಾಗಲಿಲ್ಲ, ಆದರೆ ಗೇಟಿನಲ್ಲಿ ಒಂದು ರಿಜಿಸ್ಟರ್ ಇತ್ತು.

ರಿಜಿಸ್ಟರ್ ತೆರೆದಾಗ ನನ್ನ ಬೆನ್ನಲ್ಲಿ ಸಣ್ಣಗೆ ಬೆವರಿತು. ‘ರಾತ್ರಿ 10.56, ಹೊರಗೆ’ ಎಂದು ಒಂದು ಕಾರಿನ ನಮೂದಿತ್ತು. 209ರ ಮನೆಗೆ ಬಂದಿದ್ದ ನೆಂಟರದು. ಸ್ಕ್ರೀನಿನ ಹೊತ್ತಿಗೆ ಹೆಚ್ಚುಕಮ್ಮಿ ತಾಳೆಯಾಗುತ್ತಿತ್ತು. ಗಡಿಯಾರ ನೋಡದೆ ಕೂತಿದ್ದರೆ ನಾವು ನೇರ 209ರ ಬಾಗಿಲು ತಟ್ಟುತ್ತಿದ್ದೆವು. ಹದಿನೇಳು ನಿಮಿಷ ಕಳೆದರೆ ಗೇಟು ದಾಟಿದ ನಿಜವಾದ ಹೊತ್ತು 10.40. ನಾಲ್ಕು ಸಾಲು ಮೇಲೆ ಅದೂ ಇತ್ತು: 512ರ ಮನೆಗೆ ಬಂದಿದ್ದ ಕಾರು, ಪೂರ್ತಿ ನಂಬರಿನ ಸಮೇತ. ಗುದ್ದಿದ್ದು ನಿಜವಾಗಿ 10.37ಕ್ಕೆ.

512ರ ಯಜಮಾನರಿಗೆ ನಾನೇ ಫೋನ್ ಮಾಡಿದೆ. ‘ಹೌದು ಸಾರ್, ನಮ್ಮ ಅಳಿಯಂದು. ಗೊತ್ತೇ ಆಗಲಿಲ್ಲ ಅಂತಾನೆ’ ಎಂದರು, ಐದು ನಿಮಿಷ ಬಿಟ್ಟು ಮರಳಿ ಫೋನ್ ಮಾಡಿ.

ನೋಡಿದ್ದಾಯಿತಲ್ಲ ಎಂದು ಅಲ್ಲಿಗೇ ಎದ್ದುಬಿಡುವವರು ಬಹಳ. ನಮ್ಮ ಸೂಪರ್‌ವೈಸರ್ ಕೂಡ ಮೊಬೈಲ್ ತೆಗೆದು ಸ್ಕ್ರೀನನ್ನೇ ಶೂಟ್ ಮಾಡತೊಡಗಿದ್ದ. ಹಾಗೆ ಮಾಡಿದ ವಿಡಿಯೊದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಕಾಣುತ್ತದೆ, ಗಾಡಿ ತೂಗಿದ್ದು ಕಾಣುವುದಿಲ್ಲ. ಮೂರೂ ಕ್ಯಾಮೆರಾಗಳಿಂದ ಇಪ್ಪತ್ತಿಪ್ಪತ್ತು ನಿಮಿಷವನ್ನು ಡಿವಿಆರ್‌ನಿಂದಲೇ ಪೆನ್‌ಡ್ರೈವಿಗೆ ಇಳಿಸಿದೆವು; ಎಲ್ಲ ಸೇರಿ 1 ಜಿಬಿಗೂ ಕಡಿಮೆ. ಕೆಲವು ಕಂಪನಿಗಳ ಡಿವಿಆರ್ ತನ್ನದೇ ನಮೂನೆಯ ಫೈಲು ಕೊಡುತ್ತದೆ, ಮಾಮೂಲಿ ಪ್ಲೇಯರಿನಲ್ಲಿ ತೆರೆಯುವುದಿಲ್ಲ. ಆಗ ಅದರ ಪ್ಲೇಯರನ್ನೂ ಜೊತೆಗೇ ಇಳಿಸಿಕೊಳ್ಳಬೇಕು, ಮೂಲ ಫೈಲನ್ನು ಕತ್ತರಿಸದೆ, ಬದಲಾಯಿಸದೆ ಹಾಗೇ ಇಡಬೇಕು. ಅದು ಬದಲಾಗಿಲ್ಲ ಎಂದು ಮುಂದೆ ತೋರಿಸಲು ಹ್ಯಾಶ್ ಎಂಬ ಉದ್ದನೆಯ ಸಂಖ್ಯೆಯೊಂದಿದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಸಾಲು ಸಾಕು:

```
certutil -hashfile clip1.mp4 SHA256
```

ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಈ ಸಂಖ್ಯೆ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಪ್ರತಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಒಂದು ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಸಂಖ್ಯೆಯನ್ನು ತುಂಬಬೇಕು. ಒಂದು ಭಾಗಕ್ಕೆ ಉಪಕರಣ ಯಾರ ಸುಪರ್ದಿನಲ್ಲಿದೆಯೋ ಅವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಬಾಗಿಲಿನ ತಗ್ಗಿಗೆ ಯಾರೂ ಅಷ್ಟು ದೂರ ಹೋಗುವುದಿಲ್ಲ. ಆದರೂ ಇಳಿಸಿದ ದಿನವೇ ಸಂಖ್ಯೆ ಬರೆದಿಟ್ಟರೆ ಖರ್ಚೇನೂ ಇಲ್ಲ.

ಸಂಘ ಕೊಡುವುದಿಲ್ಲ ಎಂದರೆ? ಈ ಪ್ರಶ್ನೆಗೆ ಮೊದಲು ಸಂಘದ ಕುರ್ಚಿಯಿಂದ ಉತ್ತರಿಸುತ್ತೇನೆ. ಗೇಟಿನ ಕ್ಯಾಮೆರಾದಲ್ಲಿ ಕಾಣುವುದು ಕಾರುಗಳಷ್ಟೇ ಅಲ್ಲ. ಯಾರ ಮಗಳು ಎಷ್ಟೊತ್ತಿಗೆ ಬಂದಳು, ಯಾರ ಮನೆಗೆ ಯಾರು ಬಂದು ಹೋದರು ಎಲ್ಲವೂ ಅದರಲ್ಲಿದೆ. ಪಾರ್ಕಿಂಗಿನ ಹೆಸರು ಹೇಳಿ ಮೂರು ದಿನದ ಗೇಟಿನ ದೃಶ್ಯ ಕೇಳಿದವರೊಬ್ಬರು ನನಗೆ ಗೊತ್ತು. ಗಾಡಿಯ ಫೋಟೊ ಕೇಳಿದೆ, ಮತ್ತೆ ಬರಲಿಲ್ಲ. ಅರ್ಜಿಯಲ್ಲಿ ಕಾರಣ ಬರೆಯಬೇಕಾದ್ದು, ಹೊತ್ತು ಕಿರಿದಾಗಿರಬೇಕಾದ್ದು ಇದಕ್ಕಾಗಿಯೇ. ಮೇಡಂ ಬರೆದ ‘ಹಂಚುವುದಿಲ್ಲ’ ಎಂಬ ಒಂದು ಮಾತು ನಮ್ಮ ಸಮಿತಿಯ ಅರ್ಧ ಅಳುಕನ್ನು ಕಳೆದಿತ್ತು.

‘ಆರ್‌ಟಿಐ ಹಾಕ್ತೀನಿ’ ಎಂದು ಗದರುವವರಿದ್ದಾರೆ. ಅದು ನಡೆಯುವುದಿಲ್ಲ. ಸರ್ಕಾರದ ಹಣದಿಂದ ಗಣನೀಯವಾಗಿ ನಡೆಯದ ಸಹಕಾರ ಸಂಘ ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಕೇರಳದ ಸಹಕಾರ ಬ್ಯಾಂಕೊಂದರ ಪ್ರಕರಣದಲ್ಲಿ ಹೇಳಿದೆ. ನಿವಾಸಿಗಳೇ ದುಡ್ಡು ಹಾಕಿ ನಡೆಸುವ ನಮ್ಮಂಥ ಸಂಘಕ್ಕೆ ಅದು ಇನ್ನೂ ದೂರದ ಮಾತು. ಸಂಘ ನಿಜವಾಗಿ ಮಣಿಯಬೇಕಾದದ್ದು ಪೊಲೀಸರ ಲಿಖಿತ ಸೂಚನೆಗೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅವರಿಗೆ ಆ ಅಧಿಕಾರ ಕೊಡುತ್ತದೆ. ಆದರೆ ಬೇಕೆಂದೇ ಮಾಡದ, ಯಾರಿಗೂ ಗಾಯವಾಗದ ಇಂಥ ಪೆಟ್ಟಿಗೆ ಠಾಣೆಯಲ್ಲಿ ದೊಡ್ಡ ಉತ್ಸಾಹ ನಿರೀಕ್ಷಿಸಬೇಡಿ. ದೂರು ಕೊಟ್ಟು ಸ್ವೀಕೃತಿ ಪಡೆದು, ಅದರ ನಕಲನ್ನು ಸಂಘಕ್ಕೆ ಕೊಟ್ಟರೆ, ಅದಾದ ಮೇಲೆ ದೃಶ್ಯ ಅಳಿಯಲು ಬಿಡುವ ಧೈರ್ಯ ಯಾವ ಕಾರ್ಯದರ್ಶಿಗೂ ಬರುವುದಿಲ್ಲ.

ವಿಮೆ ಇದೆಯಲ್ಲ, ಇಷ್ಟೆಲ್ಲ ಯಾಕೆ ಎಂದು ನನ್ನ ಹೆಂಡತಿಯೇ ಕೇಳಿದ್ದಳು. ಮೇಡಂ ಲೆಕ್ಕ ಹಾಕಿಯೇ ಬಂದಿದ್ದರು. ಗ್ಯಾರೇಜಿನವರು ಹೇಳಿದ ಖರ್ಚು 8,500 ರೂಪಾಯಿ. ಅವರ ಸ್ವಂತ ಹಾನಿಯ ಪ್ರೀಮಿಯಂ, ರಿಯಾಯಿತಿಗೆ ಮುಂಚೆ, 10,000. ಕ್ಲೇಮ್ ಮಾಡದೆ ಬಂದಿದ್ದರಿಂದ ಆ ವರ್ಷ ನೋ ಕ್ಲೇಮ್ ಬೋನಸ್ ಶೇ 35 ಇತ್ತು. ಮುಂದಿನ ವರ್ಷ 45, ಅದರ ಮುಂದಿನ ವರ್ಷ 50 ಆಗುತ್ತಿತ್ತು. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸೊನ್ನೆ: 4,500 ನಷ್ಟ. ಅದರ ಮುಂದಿನ ವರ್ಷ 50ರ ಬದಲು 20: ಇನ್ನೂ 3,000. ಕ್ಲೇಮಿನಲ್ಲಿ ಕಡ್ಡಾಯವಾಗಿ ಕೈಯಿಂದ ಹಾಕಬೇಕಾದದ್ದು, 1500 ಸಿಸಿಯೊಳಗಿನ ಕಾರಿಗೆ, 1,000. ಪ್ರೀಮಿಯಂ ಹಾಗೇ ಇದ್ದರೆ ಎರಡೇ ವರ್ಷದಲ್ಲಿ 8,500 ಪೂರ್ತಿ ವಾಪಸ್ ಹೋಗುತ್ತಿತ್ತು, ಮೂರನೇ ವರ್ಷದಿಂದ ಮೈಮೇಲೆ.

512ರ ಅಳಿಯ ಮರುದಿನವೇ ಬಂದು ದೃಶ್ಯ ನೋಡಿದ. ಎರಡು ಸಲ ನೋಡಿ, ‘ಸಾರಿ ಆಂಟಿ’ ಎಂದು ಗ್ಯಾರೇಜಿನ ನಂಬರ್ ತೆಗೆದುಕೊಂಡು 8,500 ಕಳಿಸಿದ.

ಇದನ್ನು ಓದಿದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಇವತ್ತು ಸಂಜೆ ಕೆಳಗಿಳಿದಾಗ ನಿಮ್ಮ ಸೆಕ್ಯುರಿಟಿ ಕೋಣೆಗೆ ಹೋಗಿ, ಅಲ್ಲಿನ ಸ್ಕ್ರೀನಿನ ಗಡಿಯಾರವನ್ನು ನಿಮ್ಮ ಮೊಬೈಲಿನ ಜೊತೆ ಹೋಲಿಸಿ ನೋಡಿ. ಅದರಲ್ಲಿ ಸಿಗುವ ಎಲ್ಲಕ್ಕಿಂತ ಹಳೆಯ ತಾರೀಖು ಯಾವುದೆಂದೂ ಕೇಳಿ. ನಮ್ಮ ಪೆಟ್ಟಿಗೆಯ ಗಡಿಯಾರವನ್ನು ಆ ಭಾನುವಾರವೇ ಸರಿಮಾಡಿಸಿದೆ. ಡಿಸ್ಕ್ ದೊಡ್ಡದು ಹಾಕಿಸುವ ವಿಷಯ ಮುಂದಿನ ಸರ್ವಸದಸ್ಯರ ಸಭೆಗೆ ಹೋಗಿ, ಖರ್ಚಿನ ಮಾತಿಗೆ ಬಂದು ಅಲ್ಲೇ ನಿಂತಿದೆ.